ಬಂಡೆ ಸಿಗುವವರೆಗೆ ಅಗೆದವರಿಗೆ

"ದೊಡ್ಡಪ್ಪ, ಶನಿವಾರ ಪಂಚಾಯಿತಿಯಲ್ಲಿ ಸೇತುವೆ ಕಟ್ಟಿದವರಿಗೆ ಸನ್ಮಾನ. ನಮ್ಮ ಕಡೆಯಿಂದ ಏನು ಮಾತಾಡ್ತೀರಿ? ಇಲ್ಲೇ ಗ್ರೂಪಿನಲ್ಲೇ ಹೇಳಿಬಿಡಿ, ನಾನು ಬರೆದುಕೊಳ್ತೇನೆ."

ಬರೆದುಕೋ ಮಗಾ. ಇಂಜಿನಿಯರ್ ಸಾಹೇಬರೇ, ಮೇಸ್ತ್ರಿಯವರೇ, ಕಂಬಿ ಕಟ್ಟಿದವರೇ, ಸೆಂಟ್ರಿಂಗ್ ಮಾಡಿದವರೇ, ನಿಮಗೆಲ್ಲ ನಮಸ್ಕಾರ. ಮೇಲೆ ಕಾಣುವ ಸೇತುವೆಯನ್ನು ಎಲ್ಲರೂ ಹೊಗಳುತ್ತಾರೆ. ನಾನು ನೀರಿನ ಅಡಿಯಲ್ಲಿರುವ ಕೆಲಸದ ಬಗ್ಗೆ ಹೇಳುತ್ತೇನೆ.

2018ರ ಆಗಸ್ಟ್ ಮಳೆ ನಿಮಗೆಲ್ಲ ನೆನಪಿದೆ. ನೆರೆ ಇಳಿದಾಗ ನಮ್ಮ ಹಳೇ ಸೇತುವೆ ಹಾಗೇ ನಿಂತಿತ್ತು. ಉಳಿಯಿತಲ್ಲ ಅಂತ ಸಮಾಧಾನಪಟ್ಟುಕೊಂಡು ಓಡಾಡಿದೆವು. ಮುಂದಿನ ಮಳೆಗಾಲಕ್ಕೆ ನಡುವಿನ ಕಂಬ ಕುಸಿದು ವಾಲಿತು. ಯಾಕೆ ಅಂತ ಗೊತ್ತಾದದ್ದು ಈ ಇಂಜಿನಿಯರ್ ಬಂದ ಮೇಲೆ. ನೆರೆಯ ನೀರು ಕಂಬಕ್ಕೆ ಬಡಿದು ಕೆಳಕ್ಕೆ ತಿರುಗುತ್ತದಂತೆ. ಬುಡದಲ್ಲಿ ಸುಳಿ ಎದ್ದು ಮರಳು, ಜಲ್ಲಿಯನ್ನು ಕೊರೆದು ಒಯ್ಯುತ್ತದೆ. ನೀರು ಇಳಿಯುವಾಗ ಅದೇ ಗುಂಡಿಯಲ್ಲಿ ಹೊಸ ಮರಳು ಬಂದು ಕೂರುತ್ತದೆ. ನೋಡುವವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ಆದರೆ ಆ ಸಡಿಲ ಮರಳಿಗೆ ಭಾರ ಹೊರುವ ಶಕ್ತಿ ಇಲ್ಲ. ನಮ್ಮ ಹಳೇ ಕಂಬ ಜಲ್ಲಿಯ ಮೇಲೇ ನಿಂತಿತ್ತು.

ಅದಕ್ಕೇ ಈ ಸಲ ಗುಂಡಿ ತೆಗೆದಾಗ ಅವರು ಜಲ್ಲಿಗೆ ನಿಲ್ಲಿಸಲಿಲ್ಲ. ಕಲ್ಲು ಸಿಕ್ಕಿತು, ಹಾರೆಯಲ್ಲಿ ಕುಟ್ಟಿದರೆ ಟಣ್ ಅಂದಿತು. ಸಾಕು, ಕಾಂಕ್ರೀಟ್ ಹಾಕಿ, ಮಳೆ ಬರುತ್ತದೆ ಅಂತ ಅವಸರ ಮಾಡಿದವರು ನಾವೇ, ಅಲ್ವಾ? ಅವರು ಒಪ್ಪಲಿಲ್ಲ. ಹೊಳೆಯಲ್ಲಿ ಉರುಳಿ ಬಂದ ದೊಡ್ಡ ಗುಂಡುಕಲ್ಲಿಗೂ ಅದೇ ಸದ್ದು ಇರುತ್ತದೆ ಅಂದರು. ಡ್ರಿಲ್ ತರಿಸಿ ಮೂರು ಕಡೆ ತೂತು ಕೊರೆಸಿದರು. ಎರಡು ಕಡೆ ಕಲ್ಲು ಒಂದೂವರೆ ಅಡಿಗೇ ಮುಗಿದು ಮತ್ತೆ ಮರಳು ಬಂತು. ಅಂದರೆ ಅದು ಗುಂಡುಕಲ್ಲೇ. ಅದನ್ನು ಒಡೆದು ತೆಗೆದು, ನಿಜವಾದ ಬಂಡೆ ಸಿಗುವವರೆಗೆ ಅಗೆದರು.

ಅಷ್ಟರಲ್ಲಿ ಏಪ್ರಿಲ್ ಮಳೆ ಬಿದ್ದು ಗುಂಡಿ ತುಂಬಿತು. ರಾತ್ರಿಯಿಡೀ ಪಂಪ್ ಓಡಿತು. ಬೆಳಿಗ್ಗೆ ತಳದಲ್ಲಿ ಮೊಣಕಾಲುದ್ದ ಕೆಸರು. ಕೆಸರಿನ ಮೇಲೆ ಕಾಂಕ್ರೀಟ್ ಸುರಿದರೆ ಅದು ಬಂಡೆಗೆ ಕಚ್ಚುವುದಿಲ್ಲ. ಅದಕ್ಕೆ ಕೆಲಸದವರು ತಣ್ಣೀರಿನಲ್ಲಿ ನಿಂತು ಬಾಂಡಲಿಯಲ್ಲಿ ಕೆಸರು ಎತ್ತಿದರು. ಕೊನೆಗೆ ಬಂಡೆಯನ್ನು ಬ್ರಷ್ ಹಾಕಿ ಉಜ್ಜಿದರು. ಹೆಣ್ಣುಮಕ್ಕಳೂ ಇದ್ದರು. ನಾನು ದಡದಲ್ಲಿ ನಿಂತು ನೋಡಿದ್ದೇನೆ. ಬಂಡೆಯಲ್ಲಿ ತೂತು ಕೊರೆದು ಕಂಬಿ ಕೂರಿಸಿದ ಮೇಲೇ ಕಾಂಕ್ರೀಟ್ ಬಿದ್ದದ್ದು.

ಈಗ ಆ ಜಾಗವೆಲ್ಲ ಮುಚ್ಚಿ ಮೇಲೆ ನೀರು ಹರಿಯುತ್ತಿದೆ. ಅಲ್ಲಿ ಏನು ಮಾಡಿದಿರಿ ಅಂತ ಯಾರೂ ಇನ್ನು ನೋಡಲಾರರು. ಯಾರೂ ನೋಡದ ಕೆಲಸವನ್ನೇ ಇಷ್ಟು ಜೋಪಾನವಾಗಿ ಮಾಡಿದಿರಿ. ಆಚೆ ದಡದ ಮಕ್ಕಳು ಜುಲೈನಲ್ಲೂ ಶಾಲೆಗೆ ಬರುತ್ತಾರೆ. ನಿಮಗೆ ತುಂಬಾ ಥ್ಯಾಂಕ್ಸ್.

ಇಷ್ಟು ಬರೆದುಕೋ. ಇನ್ನೊಂದು ಮಾತು, ಇದು ಗ್ರೂಪಿನವರಿಗೆ. ಆ ರಾತ್ರಿ ಪಂಪ್ ಹತ್ತಿರ ನಿದ್ದೆಗೆಟ್ಟು ಕೂತಿದ್ದ ಹುಡುಗ ಊರಿಗೆ ಹೋಗಿದ್ದಾನೆ. ಅವನ ನಂಬರ್ ಮೇಸ್ತ್ರಿಯ ಹತ್ತಿರ ಇರಬಹುದು, ಇವತ್ತೇ ಕೇಳಿ. ಶನಿವಾರ ಅವನೂ ಬರಬೇಕು, ಬಸ್ ಚಾರ್ಜ್ ನಾನು ಕೊಡುತ್ತೇನೆ.