‘ಸ್ವಾಧೀನ ವೆಚ್ಚ’: ಯಾರ ಸ್ವಾಧೀನ, ಯಾವಾಗಿನ ವೆಚ್ಚ?

ಪ್ರಶ್ನೆ, ಮಡಿಕೇರಿಯಿಂದ

ಮಾನ್ಯರೇ,

ಆಸ್ತಿ ಮಾರಿದಾಗ ಲಾಭ ತಿಳಿಯಲು ಮಾರಾಟದ ಬೆಲೆಯಿಂದ ಕಳೆಯುವ ‘ಕಾಸ್ಟ್ ಆಫ್ ಅಕ್ವಿಸಿಷನ್’ ಎಂಬುದಕ್ಕೆ ಆದಾಯ ತೆರಿಗೆಯ ಕನ್ನಡ ಬರಹಗಳಲ್ಲಿ ‘ಸ್ವಾಧೀನ ವೆಚ್ಚ’ ಎಂದು ಬರೆಯುವ ರೂಢಿಯಿದೆ. ಈ ಪದವನ್ನು ನಂಬಿ ನಮ್ಮ ಮನೆಯಲ್ಲಿ ಒಂದು ತಪ್ಪು ಲೆಕ್ಕ ನಡೆದುಹೋಯಿತು. ಇದಕ್ಕಿಂತ ಸರಿಯಾದ ಪದವಿದೆಯೇ ಎಂದು ಕೇಳಲು ಈ ಪತ್ರ.

ನಮ್ಮ ತಂದೆಯವರು 1974ರಲ್ಲಿ ಮಡಿಕೇರಿ ಪೇಟೆಯೊಳಗೆ ಮನೆಯಿದ್ದ ಒಂದು ನಿವೇಶನವನ್ನು ತಮ್ಮ ಸಂಬಳದ ಹಣದಲ್ಲಿ ಒಂಬತ್ತು ಸಾವಿರ ರೂಪಾಯಿಗೆ ಕೊಂಡಿದ್ದರು. 2009ರಲ್ಲಿ ಅವರು ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಪೌತಿ ಖಾತೆ ನನ್ನ ಮತ್ತು ಅಣ್ಣನ ಹೆಸರಿಗೆ ಆದದ್ದು 2012ರಲ್ಲಿ. 2025ರ ಫೆಬ್ರುವರಿಯಲ್ಲಿ ಆ ಮನೆಯನ್ನು 80 ಲಕ್ಷಕ್ಕೆ ಮಾರಿದೆವು. ಕ್ರಯಪತ್ರಗಳಲ್ಲಿ ‘ಸ್ವತ್ತಿನ ಸ್ವಾಧೀನವನ್ನು ಈ ದಿನವೇ ಬಿಟ್ಟುಕೊಟ್ಟಿರುತ್ತೇವೆ’ ಎಂಬ ಸಾಲನ್ನು ಓದಿ ಬೆಳೆದ ಅಣ್ಣ, ಆಸ್ತಿ ನಮ್ಮ ಸ್ವಾಧೀನಕ್ಕೆ ಬಂದದ್ದು ತಂದೆಯ ಮರಣದಿಂದಲ್ಲವೇ ಎಂದು 2009ರ ಅಂದಾಜು ಬೆಲೆ 30 ಲಕ್ಷವನ್ನು ಕಳೆದು, ಉಳಿದ 50 ಲಕ್ಷಕ್ಕೆ ತೆರಿಗೆ ಹಾಕಿಕೊಂಡರು. ಚಿಕ್ಕಪ್ಪನವರು ಅದಕ್ಕೂ ಒಪ್ಪಲಿಲ್ಲ. ನೀವು ಬಿಡಿಗಾಸೂ ಕೊಟ್ಟಿಲ್ಲ, ಆದ್ದರಿಂದ ವೆಚ್ಚ ಸೊನ್ನೆ, 80 ಲಕ್ಷವೂ ಲಾಭ ಎಂಬುದು ಅವರ ವಾದ. ಇಬ್ಬರೂ ಪದದ ಅರ್ಥವನ್ನೇ ಹಿಡಿದು ಮಾತನಾಡಿದರು, ಇಬ್ಬರ ಲೆಕ್ಕವೂ ತಪ್ಪೆಂದು ಆಮೇಲೆ ತಿಳಿಯಿತು.

ನನಗೆ ಇನ್ನೊಂದು ಸಂಗತಿಯೂ ಮನಸ್ಸಿಗೆ ಬರುತ್ತದೆ. ಹಾರಂಗಿ ಜಲಾಶಯಕ್ಕೆ ಜಮೀನು ಕೊಟ್ಟ ಮನೆಗಳಲ್ಲಿ ಸ್ವಾಧೀನ ಎಂದರೆ ಸರ್ಕಾರ ತೆಗೆದುಕೊಂಡದ್ದು ಎಂದೇ ಅರ್ಥ. ಅಲ್ಲಿಯವರು ‘ಸ್ವಾಧೀನ ವೆಚ್ಚ’ ಎಂಬುದನ್ನು ಪರಿಹಾರದ ಹಣವೆಂದು ಓದಿದರೆ ಆಶ್ಚರ್ಯವಿಲ್ಲ.

ಉತ್ತರ, ಸೋಮವಾರಪೇಟೆಯಿಂದ

‘ಮೂಲ ಬೆಲೆ’ ಎಂದರೆ ಸಾಕು. ಪಿತ್ರಾರ್ಜಿತ ಆಸ್ತಿಗೆ 2001ರ ಏಪ್ರಿಲ್ 1ರ ಬೆಲೆಯನ್ನೇ ಮೂಲ ಬೆಲೆಯೆಂದು ಹಿಡಿಯಬೇಕೆಂಬ ನಿಯಮವಿರುವಾಗ ಇಷ್ಟು ಗೊಂದಲ ಏಕೆಂದು ತಿಳಿಯಲಿಲ್ಲ.

ಉತ್ತರ, ಸಿದ್ದಾಪುರದ ಕಡೆಯಿಂದ

ನಾವು ಅಜ್ಜನ ಕಾಲದ ಕಾಫಿ ತೋಟದ ಒಂದು ಭಾಗವನ್ನು ಮಾರಿದಾಗ ಯಾವ ತೆರಿಗೆಯೂ ಬರಲಿಲ್ಲ. ಪಿತ್ರಾರ್ಜಿತಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ಈ ಪದದ ಅಗತ್ಯವೇ ಬೀಳದು ಎಂದುಕೊಂಡಿದ್ದೇನೆ.

ಉತ್ತರ, ವಿರಾಜಪೇಟೆಯಿಂದ

ಮೂವತ್ತು ವರ್ಷಗಳಿಂದ ತೆರಿಗೆ ಲೆಕ್ಕ ಬರೆಯುವ ಕೆಲಸದಲ್ಲಿರುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಸಿದ್ದಾಪುರದವರ ಮಾತು. ಅವರಿಗೆ ತೆರಿಗೆ ಬರದಿದ್ದುದು ತೋಟ ಅಜ್ಜನದು ಎಂಬ ಕಾರಣಕ್ಕಲ್ಲ. ಪುರಸಭೆ, ನಗರಸಭೆಗಳ ಗಡಿಯಿಂದ ಕಾನೂನು ಹೇಳುವಷ್ಟು ದೂರದಲ್ಲಿರುವ ಗ್ರಾಮೀಣ ಕೃಷಿ ಭೂಮಿ ಬಂಡವಾಳ ಆಸ್ತಿಯ ಲೆಕ್ಕಕ್ಕೇ ಸೇರುವುದಿಲ್ಲ. ಅದನ್ನು ಕಳೆದ ವರ್ಷ ಕೊಂಡಿದ್ದರೂ ಹಾಗೆಯೇ. ಪೇಟೆಯ ಮನೆಗೆ ಆ ರಿಯಾಯಿತಿ ಇಲ್ಲ.

ಇನ್ನು ಪದದ ವಿಷಯ. 1961ರ ಆದಾಯ ತೆರಿಗೆ ಕಾಯಿದೆಯ 49ನೆಯ ಪ್ರಕರಣದ ಪ್ರಕಾರ, ವಾರಸಿನಿಂದಲೋ ಉಯಿಲಿನಿಂದಲೋ ದಾನದಿಂದಲೋ ಬಂದ ಆಸ್ತಿಗೆ ಹಿಂದಿನ ಮಾಲೀಕರು ಕೊಟ್ಟ ಬೆಲೆಯೇ ನಿಮ್ಮ ಬೆಲೆ. ಹಿಂದಿನ ಮಾಲೀಕರೆಂದರೆ ನಿಮಗಿಂತ ಒಂದು ಮೆಟ್ಟಿಲು ಹಿಂದಿನವರೇ ಆಗಬೇಕೆಂದಿಲ್ಲ. ಅವರಿಗೂ ಅದು ವಾರಸಿನಿಂದ ಬಂದಿದ್ದರೆ ಇನ್ನೂ ಹಿಂದಕ್ಕೆ, ಹಣ ಕೊಟ್ಟು ಕೊಂಡವರು ಸಿಗುವವರೆಗೆ ಹೋಗಬೇಕು. ಆಸ್ತಿಯನ್ನು ಎಷ್ಟು ಕಾಲ ಇಟ್ಟುಕೊಂಡಿದ್ದೀರಿ ಎಂಬ ಎಣಿಕೆಯಲ್ಲೂ ಅವರ ವರ್ಷಗಳು ನಿಮಗೆ ಸೇರುತ್ತವೆ. ಆದ್ದರಿಂದ ಮರಣದ ದಿನಕ್ಕಾಗಲಿ ಪೌತಿ ಖಾತೆಯ ದಿನಕ್ಕಾಗಲಿ ಈ ಲೆಕ್ಕದಲ್ಲಿ ಸ್ಥಾನವಿಲ್ಲ.

2001ರ ಬೆಲೆ ಬರುವುದು ಇದಾದ ಮೇಲೆ, ಅದೂ ಒಂದು ಆಯ್ಕೆಯಾಗಿ. ಹಾಗೆ ಕೊಂಡವರು 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕೊಂಡಿದ್ದರೆ, ಅವರು ಕೊಟ್ಟ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ತಂದೆ 2006ರಲ್ಲಿ ಕೊಂಡ ನಿವೇಶನ ಮಗನಿಗೆ ಪಿತ್ರಾರ್ಜಿತವೇ ಆದರೂ ಅದಕ್ಕೆ 2006ರ ಬೆಲೆಯೇ ಗತಿ. ಸೋಮವಾರಪೇಟೆಯವರ ಮಾತು ಅರ್ಧದಷ್ಟು ಸರಿ ಎನ್ನುವುದು ಇದಕ್ಕಾಗಿ.

ಮಡಿಕೇರಿಯವರ ಮನೆಯನ್ನೇ ನೋಡೋಣ. ಮೌಲ್ಯಮಾಪಕರು ಅದರ 2001ರ ಬೆಲೆಯನ್ನು 12 ಲಕ್ಷವೆಂದು ಬರೆದುಕೊಟ್ಟರು, ಮುದ್ರಾಂಕ ಶುಲ್ಕಕ್ಕಾಗಿ ಆ ದಿನ ಇದ್ದ ಸರ್ಕಾರಿ ದರದಂತೆ 8 ಲಕ್ಷವಾಗುತ್ತದೆ ಎಂದಿಟ್ಟುಕೊಳ್ಳಿ. 2020ರ ತಿದ್ದುಪಡಿಯ ನಂತರ, ಸರ್ಕಾರಿ ದರ ಸಿಗುವ ಕಡೆ ಮಾರುಕಟ್ಟೆ ಬೆಲೆ ಅದನ್ನು ಮೀರುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೌಲ್ಯಮಾಪಕರ ವರದಿಯೊಂದನ್ನೇ ನಂಬದೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಳೆಯ ದರವನ್ನು ಕೇಳಿ ನೋಡಬೇಕು. ಹೀಗೆ ವೆಚ್ಚ 8 ಲಕ್ಷವಾಯಿತು. ಲಾಭ 72 ಲಕ್ಷ, ಅದಕ್ಕೆ ಶೇಕಡಾ 12.5ರಂತೆ ತೆರಿಗೆ 9 ಲಕ್ಷ. ಬೆಲೆಯೇರಿಕೆಗೆ ತಕ್ಕಂತೆ ವೆಚ್ಚವನ್ನು ಹೆಚ್ಚಿಸಿಕೊಳ್ಳುವ ಹಳೆಯ ದಾರಿಯಲ್ಲಿ ಹೋದರೆ, 2001-02ರ ಬೆಲೆ ಸೂಚ್ಯಂಕ 100, 2024-25ರದು 363 ಆದ್ದರಿಂದ, 8 ಲಕ್ಷವು 29.04 ಲಕ್ಷವಾಗಿ ಲಾಭ 50.96 ಲಕ್ಷಕ್ಕೆ ಇಳಿಯುತ್ತದೆ. ಆದರೆ ಶೇಕಡಾ 20ರಂತೆ ತೆರಿಗೆ 10,19,200 ರೂಪಾಯಿ. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಭೂಮಿ, ಕಟ್ಟಡಗಳಿಗೆ ಇಲ್ಲಿಯೇ ನೆಲೆಸಿರುವವರು ಎರಡನ್ನೂ ಹೋಲಿಸಿ ಕಡಿಮೆಯದನ್ನು ಕಟ್ಟಬಹುದಾದ್ದರಿಂದ ಇವರಿಗೆ 9 ಲಕ್ಷವೇ ನಿಲ್ಲುತ್ತದೆ. ಅದು ಅಣ್ಣತಮ್ಮಂದಿರಿಗೆ ತಲಾ ನಾಲ್ಕೂವರೆ ಲಕ್ಷ, ಸೆಸ್ ಬೇರೆ. ಅಣ್ಣನವರ ಲೆಕ್ಕದಲ್ಲಿ ಬಂದದ್ದು 6.25 ಲಕ್ಷ. ಕಡಿಮೆ ಬಿದ್ದ 2.75 ಲಕ್ಷಕ್ಕೆ ಮುಂದೆ ಬಡ್ಡಿಯೂ ಸೇರುತ್ತಿತ್ತು. ಚಿಕ್ಕಪ್ಪನವರ ಸೊನ್ನೆಯ ಲೆಕ್ಕದಲ್ಲಾದರೆ ಒಂದು ಲಕ್ಷ ಹೆಚ್ಚಿಗೆ ಕಟ್ಟುತ್ತಿದ್ದರು.

ಪದವಾಗಿ ನಾನು ಕಕ್ಷಿದಾರರಿಗೆ ಹೇಳುವುದು ‘ಅಸಲು’. ಅಸಲು ಎಷ್ಟು, ಲಾಭ ಎಷ್ಟು ಎಂದು ಕೇಳಿದರೆ ಯಾರೂ ಸಾವಿನ ದಿನಾಂಕವನ್ನು ಹೇಳುವುದಿಲ್ಲ. ಅಪ್ಪ ಕೊಂಡದ್ದು ಎಷ್ಟಕ್ಕೆ ಎಂದು ತಾವಾಗಿಯೇ ನೆನಪಿಸಿಕೊಳ್ಳುತ್ತಾರೆ.

ಮತ್ತೆ ಮಡಿಕೇರಿಯಿಂದ

ವಿರಾಜಪೇಟೆಯವರಿಗೆ ನಾವು ಋಣಿಗಳು. ಅಣ್ಣನವರು ವಿವರಪಟ್ಟಿ ಸಲ್ಲಿಸುವ ಮೊದಲೇ ಲೆಕ್ಕ ತಿದ್ದಿದ್ದಾರೆ.

‘ಅಸಲು’ ನನಗೂ ಹಿಡಿಸಿತು. ಆದರೆ ಬ್ಯಾಂಕಿನ ಸಾಲವಿರುವ ಮನೆಯಲ್ಲಿ ಆ ಪದ ಬಡ್ಡಿಯ ಎದುರಿಗೆ ನಿಲ್ಲುತ್ತದೆಯೇ ಹೊರತು ಲಾಭದ ಎದುರಿಗಲ್ಲ. ‘ಖರೀದಿ ಬೆಲೆ’ ಎನ್ನೋಣವೆಂದರೆ ನಮ್ಮ ಜಿಲ್ಲೆಯಲ್ಲಿ ಅದು ಎಲ್ಲ ಕಡೆಗೂ ಹೊಂದುವುದಿಲ್ಲ. ಅರಸರ ಕಾಲದಲ್ಲಿ ಸೇವೆಗಾಗಿ ಜಮ್ಮಾ ಹಕ್ಕಿನಲ್ಲಿ ಬಂದ ನೆಲಕ್ಕೆ ಕೊಂಡವರೆಂಬುವರೇ ಇಲ್ಲ. ಅಂಥ ನೆಲವನ್ನು ಮಾರಬಹುದೇ ಎಂಬುದು ಬೇರೆಯೇ ವಿಷಯ, ಅದನ್ನು ಇಲ್ಲಿ ತರುವುದಿಲ್ಲ. ಸ್ವಯಾರ್ಜಿತ, ಪಿತ್ರಾರ್ಜಿತ ಎಂಬ ಪದಗಳು ಪತ್ರ ಬರೆಯುವವರ ಕೈಯಲ್ಲಿ ಆಗಲೇ ಇರುವುದರಿಂದ ‘ಆರ್ಜನೆಯ ಬೆಲೆ’ ಎಂದರೆ ಹೇಗೆ ಎಂದು ನನ್ನ ಆಲೋಚನೆ. ಆರ್ಜಿಸಿದವರು ಯಾರು ಎಂಬ ಪ್ರಶ್ನೆಯನ್ನು ಆ ಪದವೇ ಎತ್ತುತ್ತದೆ, ನಮ್ಮ ಮನೆಯ ವಿಷಯದಲ್ಲಿ ಅದಕ್ಕೆ ಉತ್ತರ ತಂದೆಯವರೇ. ಅಣ್ಣ ಇದನ್ನು ಕೇಳಿ, ‘ಪಿತ್ರಾರ್ಜಿತ’ ಎಂದು ಸಾವಿರ ಸಲ ಹೇಳಿದ್ದೇನೆ, ಅದರಲ್ಲಿ ‘ಅಪ್ಪ ಗಳಿಸಿದ್ದು’ ಎಂಬ ಮಾತಿರುವುದನ್ನು ಇವತ್ತೇ ಗಮನಿಸಿದೆ ಎಂದರು. ಸಿದ್ದಾಪುರದವರೂ ಸೋಮವಾರಪೇಟೆಯವರೂ ಏನು ಹೇಳುತ್ತಾರೆ ಎಂದು ತಿಳಿಯಬಯಸುತ್ತೇನೆ.