ಪದಚರ್ಚೆ: ಕುಡಿತದ ರಕ್ತಪರೀಕ್ಷೆಯಲ್ಲಿ ‘ಮಾರ್ಕರ್’ ಅಂದರೆ ಗುರುತೋ, ಸುಳಿವೋ, ಸಾಕ್ಷಿಯೋ?

ವೀಣಾ:

ಎಲ್ಲರಿಗೂ ನಮಸ್ಕಾರ. ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರವೊಂದಕ್ಕೆ ಒಂದು ಪುಟದ ತಿಳಿವಳಿಕೆ ಪತ್ರ ಬರೆದುಕೊಡುತ್ತಿದ್ದೇನೆ. ರಕ್ತ ಕೊಡುವ ಮೊದಲು ರೋಗಿಯೂ ಮನೆಯವರೂ ಓದಬೇಕಾದ ಪತ್ರ ಅದು. ಪರೀಕ್ಷೆಯ ಹೆಸರು ‘ಪೆತ್’. ಪೂರ್ತಿ ಹೆಸರು ಫಾಸ್ಫಟಿಡಿಲ್ ಎಥನಾಲ್. ಕಳೆದ ಕೆಲವು ವಾರಗಳಲ್ಲಿ ಕುಡಿದದ್ದು ಇದರಲ್ಲಿ ಕಾಣುತ್ತದಂತೆ.

ನನ್ನ ತೊಡಕು ಎರಡು ಪದಗಳದ್ದು. ಇದನ್ನು ‘ಮಾರ್ಕರ್’ ಅನ್ನುತ್ತಾರೆ. ಗುರುತು, ಕುರುಹು, ಸುಳಿವು, ಸಾಕ್ಷಿ, ಇವುಗಳಲ್ಲಿ ಯಾವುದು ಸರಿ? ಇನ್ನೊಂದು ‘ಪಾಸಿಟಿವ್’. “ಪಾಸಿಟಿವ್ ಬಂದರೆ ನೀವು ಕುಡಿದಿದ್ದೀರಿ” ಎಂದು ಬರೆದರೆ ಸಾಕೇ? ಓದಿದವರು ಹೆದರಿ ಎದ್ದು ಹೋಗಬಾರದು, ಸುಳ್ಳನ್ನೂ ನಂಬಬಾರದು.

ಮೂರ್ತಿ:

ವೀಣಾ ಅವರೇ, ಇದಕ್ಕೆ ‘ಊದಿಸುವ ಪರೀಕ್ಷೆ’ ಎಂಬ ಮಾತು ಆಗಲೇ ಬಳಕೆಯಲ್ಲಿದೆಯಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಮಾಡುತ್ತಾರಲ್ಲ, ಅದೇ ತಾನೇ? ‘ಮದ್ಯಪತ್ತೆ’ ಅಂದರೆ ಮುಗಿಯಿತು.

ನಾಗೇಶ:

ಮೂರ್ತಿಯವರೇ, ಅದು ಬೇರೆ. ಊದಿಸಿದಾಗ ಕಾಣುವುದು ಆ ಹೊತ್ತಿಗೆ ಮೈಯಲ್ಲಿರುವ ಮದ್ಯ ಮಾತ್ರ. ಮರುದಿನ ಊದಿಸಿದರೆ ಏನೂ ಸಿಗದಿರಬಹುದು.

ಪೆತ್ ಕೆಂಪು ರಕ್ತಕಣದಲ್ಲಿ ಕೂತಿರುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ನಾಲ್ಕು ತಿಂಗಳ ಕುಡಿತ ಇದರಲ್ಲಿ ದಾಖಲಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳ ಸರಾಸರಿ ನೋಡುವ ಪರೀಕ್ಷೆ ಇದೆಯಲ್ಲ, ಇದೂ ಹಾಗೇ. ‘ದಾಖಲೆ’ ಅಂತ ಬರೆಯಿರಿ. ಪುರಾವೆ ಅಂದರೂ ತಪ್ಪಿಲ್ಲ.

ಗಿರಿಜಾ:

ನಾನು ಬಹಳ ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು, ಈ ವರದಿಗಳನ್ನು ನೋಡಿದ್ದೇನೆ. ನಾಗೇಶ್ ಹೇಳಿದ್ದರಲ್ಲಿ ಮೊದಲರ್ಧ ಸರಿ. ಪೆತ್ ಇರುವುದು ಕೆಂಪು ಕಣದ ಹೊರಪೊರೆಯಲ್ಲೇ. ಆದರೆ ಕಣ ಸಾಯುವವರೆಗೂ ಅದು ಹಾಗೇ ಇರುವುದಿಲ್ಲ, ಅದಕ್ಕಿಂತ ಬೇಗ ಕರಗುತ್ತದೆ. ಆದ್ದರಿಂದ ನಾಲ್ಕು ತಿಂಗಳು ಅನ್ನಬೇಡಿ. ಎರಡರಿಂದ ನಾಲ್ಕು ವಾರ ಅನ್ನಿ.

ಅದು ಹುಟ್ಟುವ ಬಗೆ ತಿಳಿದರೆ ಪದ ತಾನಾಗಿ ಸಿಗುತ್ತದೆ. ಜೀವಕೋಶದ ಪೊರೆಯಲ್ಲಿ ಫಾಸ್ಫೊಲಿಪೇಸ್ ಡಿ ಎಂಬ ಕಿಣ್ವವಿದೆ. ಅದು ಪೊರೆಯ ಕೊಬ್ಬನ್ನು ಒಡೆದು ನೀರಿನ ಜೊತೆ ಸೇರಿಸುತ್ತದೆ. ಮದ್ಯ ಎದುರಿಗಿದ್ದರೆ ನೀರನ್ನು ಬಿಟ್ಟು ಮದ್ಯದ ಜೊತೆ ಸೇರಿಸುತ್ತದೆ. ಹಾಗೆ ಆದದ್ದೇ ಪೆತ್. ಮದ್ಯ ಇಲ್ಲದೆ ಇದು ಹುಟ್ಟುವುದಿಲ್ಲ. ಹಾಗಾಗಿ ಪೆತ್‌ಗೆ ‘ಗುರುತು’ ಎನ್ನುವುದು ನನಗೆ ಒಪ್ಪಿಗೆ. ಜಿಜಿಟಿ ಹಾಗಲ್ಲ. ಅದು ಲಿವರ್‌ಗೆ ತೊಂದರೆಯಾದಾಗ ಏರುವ ಕಿಣ್ವ, ಕುಡಿತದಿಂದಲೂ ಏರುತ್ತದೆ, ಬೇರೆ ಕಾರಣಕ್ಕೂ ಏರುತ್ತದೆ. ಅದಕ್ಕೆ ‘ಸುಳಿವು’ ಅಂದರೆ ಸಾಕು.

ಈಗ ‘ಪಾಸಿಟಿವ್’ ವಿಚಾರ. ದಯವಿಟ್ಟು ಆ ಪದ ಬೇಡ. ಒಂದು ಉದಾಹರಣೆ ನೋಡಿ. ಒಬ್ಬರು ಚಿಕಿತ್ಸೆಗೆ ಸೇರಿದ ದಿನ ಪೆತ್ 640 ಬಂತು ಅಂದುಕೊಳ್ಳಿ. ಲೆಕ್ಕ ಒಂದು ಮಿಲಿಲೀಟರ್ ರಕ್ತಕ್ಕೆ ಇಷ್ಟು ನ್ಯಾನೊಗ್ರಾಂ ಎಂದು. ಅವತ್ತಿನಿಂದ ಅವರು ಒಂದು ಹನಿಯೂ ಮುಟ್ಟಿಲ್ಲ. ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ ಎಂದಿಟ್ಟುಕೊಂಡರೆ ಮೊದಲ ವಾರದ ಕೊನೆಗೆ 320, ಆಮೇಲೆ 160, 80, ನಾಲ್ಕನೇ ವಾರದ ಕೊನೆಗೆ 40. 2022ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತಜ್ಞರು ಒಪ್ಪಿದ ಕೆಳಗಿನ ಗೆರೆ 20. ಅಂದರೆ ತಿಂಗಳಿಡೀ ಮಾತು ಉಳಿಸಿಕೊಂಡ ಮನುಷ್ಯನ ವರದಿಯೂ ಗೆರೆಯ ಮೇಲೇ ಇದೆ. ಅದರ ಪಕ್ಕ ‘ಪಾಸಿಟಿವ್’ ಅಂತ ಬರೆದರೆ, ಹೆಂಡತಿ ಅದನ್ನು ಓದಿದರೆ, ಏನಾಗುತ್ತದೆ ಹೇಳಿ. ಅವರಿಗೆ ಅನ್ಯಾಯ ಅಲ್ವಾ?

ವಾರ ಎಂಬುದೂ ಅಂದಾಜೇ. ಕೆಲವರಿಗೆ ನಾಲ್ಕೇ ದಿನದಲ್ಲಿ ಅರ್ಧವಾಗುತ್ತದೆ, ಕೆಲವರಿಗೆ ಹತ್ತು ದಿನ ಬೇಕು. ಅದಕ್ಕೇ ಒಂಟಿ ಸಂಖ್ಯೆಗಿಂತ ಸಾಲು ಮುಖ್ಯ. ಎರಡನೇ ವಾರ 160 ಇದ್ದದ್ದು ನಾಲ್ಕನೇ ವಾರ 230 ಆದರೆ ನಡುವೆ ಕುಡಿತ ಆಗಿದೆ ಎಂದೇ ಅರ್ಥ. ಒಂದು ವಿನಾಯಿತಿ ಇದೆ. ಆ ನಡುವೆ ರಕ್ತ ಹಾಕಿಸಿಕೊಂಡಿದ್ದರೆ, ಕೊಟ್ಟವರ ಪೆತ್ ಕೂಡ ಜೊತೆಗೆ ಬಂದಿರಬಹುದು.

ಶಾರದಾ:

ಗಿರಿಜಾ ಅವರು ಜಿಜಿಟಿ ಬಗ್ಗೆ ಹೇಳಿದ್ದು ನನ್ನ ಅನುಭವ. ನಾನು ಕುಡಿಯುವವಳಲ್ಲ. ಫಿಟ್ಸ್‌ಗೆ ಫೆನಿಟೋಯಿನ್ ಮಾತ್ರೆ ನುಂಗುತ್ತೇನೆ. ಒಮ್ಮೆ ಜಿಜಿಟಿ ಜಾಸ್ತಿ ಬಂತು. ಹೊಸ ಡಾಕ್ಟರು “ನಿಜ ಹೇಳಿ” ಎಂದು ಎರಡೆರಡು ಸಲ ಕೇಳಿದರು. ಆ ಮಾತ್ರೆಯಿಂದಲೂ ಅದು ಏರುತ್ತದೆ ಎಂದು ಆಮೇಲೆ ಇನ್ನೊಬ್ಬರು ಹೇಳಿದರು. ಆವತ್ತಿನ ಅವಮಾನ ಇನ್ನೂ ಮರೆತಿಲ್ಲ. ‘ಸಾಕ್ಷಿ’, ‘ಪುರಾವೆ’ ಎಂಬ ಪದಗಳನ್ನು ದಯವಿಟ್ಟು ಹಾಕಬೇಡಿ.

ನಾಗೇಶ:

120 ದಿನದ ವಿಷಯ ಒಪ್ಪಿದೆ. ಆದರೆ ನನ್ನ ಒಂದು ಮಾತು ಉಳಿದಿದೆ. ರೋಗಿಯ ಮಾತು ನಂಬದೆ ರಕ್ತ ತೆಗೆಯುವುದು ಎಂದಮೇಲೆ ಅದು ಪುರಾವೆಯೇ ತಾನೇ? ಹೆಸರು ಮೆತ್ತಗೆ ಮಾಡಿದ ಮಾತ್ರಕ್ಕೆ ಕೆಲಸ ಬದಲಾಗುತ್ತದೆಯೇ?

ಗಿರಿಜಾ:

ಕಳ್ಳನನ್ನು ಹಿಡಿಯಲು ಮಾಡುವುದಲ್ಲ ಅದು, ನಾಗೇಶ್. ದಿನಾ ಕುಡಿಯುವವರು ಎಷ್ಟು ಕುಡಿದೆ ಎಂದು ಸರಿಯಾಗಿ ನೆನಪಿಟ್ಟಿರುವುದಿಲ್ಲ. ಸುಳ್ಳು ಹೇಳಬೇಕೆಂದಲ್ಲ, ಎಣಿಸಿಯೇ ಇರುವುದಿಲ್ಲ. 200ರ ಮೇಲೆ ಬಂದರೆ ಬಹಳ ದಿನಗಳ ಭಾರೀ ಕುಡಿತ ಎಂದು ಓದುತ್ತಾರೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರುವ ಅಪಾಯವಿದೆ. ಮನೆಯಲ್ಲಿ ಬಿಡಿಸಬಹುದೇ, ಒಳರೋಗಿಯಾಗಿ ಇಟ್ಟುಕೊಳ್ಳಬೇಕೇ ಎಂದು ಡಾಕ್ಟರು ತೀರ್ಮಾನಿಸುವಾಗ ಈ ಸಂಖ್ಯೆಯನ್ನೂ ನೋಡುತ್ತಾರೆ. ಹಿಂದೆ ಬಿಟ್ಟಾಗ ಏನಾಗಿತ್ತು ಎಂಬುದನ್ನೂ ಕೇಳುತ್ತಾರೆ.

ಇನ್ನೊಂದು ಕೆಲಸ ರೋಗಿಯ ಪರವಾಗಿಯೇ ಇದೆ. ಬಿಟ್ಟೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. 640 ಎಂಬುದು 160 ಆಗಿದ್ದನ್ನು ತೋರಿಸಿದಾಗ ಅವರ ಮಾತಿಗೆ ತೂಕ ಬರುತ್ತದೆ. ಸಂಖ್ಯೆ ಏರಿದರೆ “ಈ ಎರಡು ವಾರ ಕಷ್ಟವಾಯಿತೇ?” ಎಂದು ಮಾತು ಶುರು ಮಾಡಲು ದಾರಿಯಾಗುತ್ತದೆ.

ವೀಣಾ, ಇನ್ನೆರಡು ವಿಷಯ ಪತ್ರದಲ್ಲಿ ಸೇರಲಿ. ಯಾವಾಗಲೋ ಒಂದು ಸಲ ಸ್ವಲ್ಪ ಕುಡಿದದ್ದು 20ರ ಕೆಳಗೇ ಉಳಿಯಬಹುದು. ಆದ್ದರಿಂದ ಕಡಿಮೆ ಬಂದರೆ “ಕುಡಿದೇ ಇಲ್ಲ” ಎಂದು ಬರೆಯಬೇಡಿ. “ಕುಡಿದಿಲ್ಲ ಅಥವಾ ಬಹಳ ಕಡಿಮೆ ಕುಡಿದಿದ್ದಾರೆ” ಎಂದು ಬರೆಯಿರಿ. ಎರಡನೆಯದು, ‘ಸೀರಮ್’ ಎಂದು ಎಲ್ಲೂ ಹಾಕಬೇಡಿ. ಸೀರಮ್ ಅಂದರೆ ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ. ಸಿಡಿಟಿ ಎಂಬ ಹಳೆಯ ಪರೀಕ್ಷೆಗೆ ಸೀರಮ್ ಬೇಕು. ಪೆತ್‌ಗೆ ಇಡೀ ರಕ್ತವೇ ಬೇಕು, ಏಕೆಂದರೆ ಅದಿರುವುದು ಕಣದಲ್ಲಿ. ಗಟ್ಟಿಯಾಗದಂತೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ. ರಕ್ತದಲ್ಲಿ ಇನ್ನೂ ಮದ್ಯ ಇರುವವರ ಮಾದರಿಯನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟರೆ ಟ್ಯೂಬಿನೊಳಗೂ ಪೆತ್ ಹುಟ್ಟುತ್ತಾ ಹೋಗುತ್ತದೆ. ಹಾಗಾಗಿ ಬೇಗ ತಂಪಿನಲ್ಲಿಡಬೇಕು.

ವೀಣಾ:

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ಕಳೆದ ಎರಡರಿಂದ ನಾಲ್ಕು ವಾರಗಳಲ್ಲಿ ಕುಡಿದದ್ದರ ಗುರುತು ಈ ಪರೀಕ್ಷೆಯಲ್ಲಿ ಕಾಣಬಹುದು. ಮೊದಲ ಸಲ ಬಂದ ಸಂಖ್ಯೆಯ ಜೊತೆ ಮುಂದಿನ ಸಂಖ್ಯೆಗಳನ್ನು ಹೋಲಿಸಿ ನೋಡುತ್ತೇವೆ. ಕುಡಿತ ಬಿಟ್ಟ ಮೇಲೂ ಸಂಖ್ಯೆ ಇಳಿಯಲು ವಾರಗಳು ಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ.”

ಪೆತ್, ಸಿಡಿಟಿ, ಜಿಜಿಟಿ ಮೂರನ್ನೂ ಒಟ್ಟಿಗೆ ಹೇಳುವ ತಲೆಬರಹಕ್ಕೆ ಮಾತ್ರ ಪದ ಸಿಕ್ಕಿಲ್ಲ. ‘ಗುರುತು’ ಎಂದರೆ ಜಿಜಿಟಿಗೆ ಹೆಚ್ಚಾಯಿತು, ‘ಸುಳಿವು’ ಎಂದರೆ ಪೆತ್‌ಗೆ ಕಡಿಮೆಯಾಯಿತು.

ನಾಗೇಶ:

‘ಕುರುಹು’ ಹೇಗೆ?

ಶಾರದಾ:

ಅದು ನನ್ನ ಕಿವಿಗೆ ಪೊಲೀಸರ ಮಾತಿನ ಹಾಗೆ ಕೇಳುತ್ತದೆ. ‘ಕುಡಿತ ತಿಳಿಯುವ ರಕ್ತಪರೀಕ್ಷೆಗಳು’ ಎಂದು ಸರಳವಾಗಿ ಬರೆದರೆ ಆಗದೇ?

ಗಿರಿಜಾ:

ರೋಗಿಗೆ ಕೊಡುವ ಪತ್ರಕ್ಕೆ ಅದು ಸಾಕು. ಡಾಕ್ಟರಿಗೆ ಹೋಗುವ ವರದಿಯಲ್ಲಿ ಮಾತ್ರ ಮೂರನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿ.