ಇನ್ಕ್ರಿಮೆಂಟ್ ಕೇಳೋದು ಹೇಗೆ? ಕೆಲಸದ ಲೆಕ್ಕ ಮುಂದಿಟ್ಟು, ಜಗಳ ಆಗದ ಹಾಗೆ

ಪ್ರಶ್ನೆ: ನಮಸ್ತೆ ಎಲ್ರಿಗೂ. ಪೀಣ್ಯದಲ್ಲಿ ಮಷೀನ್ ಪಾರ್ಟ್ಸ್ ಮಾಡೋ ಒಂದು ಕಂಪನಿಲಿ ಅಕೌಂಟ್ಸ್ ನೋಡ್ಕೋತೀನಿ, ಮೂರು ವರ್ಷ ಆಯ್ತು. ತಿಂಗಳಿಗೆ ಗ್ರಾಸ್ 35,000. ಹೋದ ವರ್ಷ ಜೂನ್‌ನಲ್ಲಿ ಜಿಎಸ್‌ಟಿ, ವೆಂಡರ್ ಪೇಮೆಂಟ್ ನೋಡ್ತಿದ್ದವರು ಬಿಟ್ಟು ಹೋದ್ರು, ಆ ಕೆಲಸನೂ ನನ್ನ ಮೇಲೇ ಬಂತು, ಅವರ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಇನ್ಕ್ರಿಮೆಂಟ್ ಎಲ್ಲರಿಗೂ ಏಪ್ರಿಲ್‌ನಲ್ಲಿ, ಹೋದ ಸಲ 5% ಕೊಟ್ರು. ಮ್ಯಾನೇಜರ್ ಹತ್ರ ಕೇಳಿದ್ರೆ ನೋಡೋಣ ಅಂತಾರೆ. ನಂಗೆ ಈ ವಿಷಯ ಎತ್ತಿದ್ರೆ ಗಂಟಲು ಕಟ್ಟುತ್ತೆ, ಇಲ್ಲಾಂದ್ರೆ ಸಿಟ್ಟು ಬರುತ್ತೆ. ಸಮಾಧಾನವಾಗಿ ಹೇಗೆ ಕೇಳೋದು? ಏನೇನು ತೋರಿಸಬೇಕು?

ಉತ್ತರ (ಫ್ಯಾಕ್ಟರಿಗಳಲ್ಲಿ ಎಚ್‌ಆರ್ ಕೆಲಸ ಮಾಡಿರೋವ್ರು):

ಮೊದಲು ಟೈಮ್ ವಿಷಯ ಹೇಳ್ತೀನಮ್ಮ. ಈಗ ಜನವರಿ. ಏಪ್ರಿಲ್ ಲೆಟರ್‌ನಲ್ಲಿ ಬರೋ ನಂಬರ್ ಏಪ್ರಿಲ್‌ನಲ್ಲಿ ತೀರ್ಮಾನ ಆಗಲ್ಲ, ಸಾಮಾನ್ಯವಾಗಿ ಫೆಬ್ರವರಿ ಮಾರ್ಚ್‌ನಲ್ಲಿ ಮ್ಯಾನೇಜರ್ ಒಂದು ಶೀಟ್ ಮಾಡಿ ಎಂಡಿಗೆ ಕೊಡ್ತಾರೆ, ಆ ಶೀಟ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೀಬೇಕು ಅನ್ನೋದನ್ನ ನೀವು ಅದಕ್ಕೂ ಮುಂಚೆ ಅವರ ಕೈಗೆ ಕೊಟ್ಟಿರಬೇಕು. ಲೆಟರ್ ಬಂದಮೇಲೆ ಕೇಳಿದ್ರೆ ಅವರಿಗೆ ಕೊಡೋ ಮನಸ್ಸಿದ್ರೂ ದಾರಿ ಇರಲ್ಲ.

ಎರಡನೇದು, ಇದನ್ನ ಗಟ್ಟಿಯಾಗಿ ಹಿಡ್ಕೊಳಿ. ನೀವು ಕೇಳ್ತಿರೋದು ಇನ್ಕ್ರಿಮೆಂಟ್ ಅಲ್ಲ. ಇನ್ಕ್ರಿಮೆಂಟ್ ಅಂತ ಕೇಳಿದ ತಕ್ಷಣ ನೀವು ಎಲ್ಲರ ಸಾಲಿಗೆ ಸೇರ್ತೀರಿ, ಎಂಡಿ ಈ ಸಲ ಎಲ್ಲರಿಗೂ 5 ಅಂದಿದಾರೆ ಅಂತ ಮಾತು ಮುಗಿಯುತ್ತೆ, 35,000ಕ್ಕೆ 1,750 ಬರುತ್ತೆ. ನಿಮ್ಮದು ರೋಲ್ ಬದಲಾಗಿರೋ ಕೇಸು. ಜೂನ್‌ನಿಂದ ಇಬ್ಬರ ಕೆಲಸ ಒಬ್ಬರ ಹತ್ರ ಇದೆ, ಖಾಲಿಯಾದ ಪೋಸ್ಟಿನ ಸಂಬಳ ಕಂಪನಿಗೆ ಪ್ರತಿ ತಿಂಗಳು ಉಳೀತಿದೆ. ಅದಕ್ಕೇ ರೋಲ್ ರಿವ್ಯೂ ಮಾಡಿ, ಅದಕ್ಕೆ ತಕ್ಕ ಸ್ಯಾಲರಿ ಕರೆಕ್ಷನ್ ಮಾಡಿ ಅಂತ ಕೇಳಿ. ಹೋದವರ ಸಂಬಳ ಎಷ್ಟಿತ್ತು ಅಂತ ಗೊತ್ತಿದ್ರೂ ಬಾಯಿಬಿಡಬೇಡಿ, ಅದು ನಿಂಗೆ ಹೇಗೆ ಗೊತ್ತಾಯ್ತು ಅಂತ ಮಾತು ಬೇರೆ ಕಡೆ ಹೋಗುತ್ತೆ.

ಈಗ ಪುರಾವೆ. ಒಂದೇ ಪೇಜ್ ಸಾಕು, ಮೂರು ವಿಷಯಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದಕ್ಕೂ ಮೊದಲು ಹೇಗಿತ್ತು, ನಾನು ಏನು ಮಾಡಿದೆ, ಈಗ ಹೇಗಿದೆ, ಇದರ ದಾಖಲೆ ಆಫೀಸಲ್ಲಿ ಎಲ್ಲಿದೆ, ಇಷ್ಟು ಬರೀರಿ. ಜೂನ್‌ನಿಂದ ಜಿಎಸ್‌ಟಿಲಿ ನೀವು ಏನು ಬದಲಾಯಿಸಿದ್ರಿ ಅಂತ ಇಲ್ಲಿ ಹೇಳಿ, ಅದನ್ನೇ ಇಟ್ಕೊಂಡು ಬರೆದು ತೋರಿಸ್ತೀನಿ.

ಒಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಮೇಡಂ, ಬೇರೆ ಕಡೆ ಒಂದು ಆಫರ್ ಲೆಟರ್ ತಗೊಂಡು ಬಂದು ಟೇಬಲ್ ಮೇಲೆ ಇಟ್ರೆ ಅದೇ ಪುರಾವೆ. ನನ್ನ ಫ್ರೆಂಡ್‌ಗೆ ಹಾಗೇ 30% ಕೊಟ್ರು.

ಕೇಳಿದವರು: ಥ್ಯಾಂಕ್ಸ್ ಮೇಡಂ. ಮೊದಲು ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಹಾಕೋ ದಿನ, ವೆಂಡರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ 2ಬಿ ನೋಡ್ತಿದ್ರು, ಅಲ್ಲಿ ಬರದೇ ಇರೋ ಬಿಲ್‌ಗಳ ಟ್ಯಾಕ್ಸ್ ಕ್ರೆಡಿಟ್ ತಿಂಗಳಿಗೆ ಸುಮಾರು 1.8 ಲಕ್ಷ ಮುಂದಕ್ಕೆ ಹೋಗ್ತಿತ್ತು. ನಾನು 11ನೇ ತಾರೀಖಿಗೆ ಮುಂಚೆನೇ ದೊಡ್ಡ ವೆಂಡರ್‌ಗಳಿಗೆಲ್ಲ ಫೋನ್ ಮಾಡಿ ನಮ್ಮ ಬಿಲ್ ನಿಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ ಹಾಕಿದೀರಾ ಅಂತ ಕೇಳ್ತೀನಿ, ಈಗ 40,000 ಆಸುಪಾಸು ಉಳಿಯುತ್ತೆ. ಇದಲ್ಲದೆ 2024-25ರ ಹಳೇ ಬಿಲ್ ಇಬ್ಬರು ವೆಂಡರ್‌ಗಳು ಹಾಕೇ ಇರ್ಲಿಲ್ಲ, ಬೆನ್ನು ಹತ್ತಿ ಹಾಕಿಸಿದೆ, 62,000 ಬಂತು. ಹಾಗಾದ್ರೆ ತಿಂಗಳಿಗೆ 1.4 ಲಕ್ಷ ಅಂದ್ರೆ ವರ್ಷಕ್ಕೆ 16.8 ಲಕ್ಷ ಕಂಪನಿಗೆ ಉಳಿಸಿದೀನಿ ಅಂತ ಬರೀಬಹುದಾ?

ಉತ್ತರ: ಕೆಲಸ ನಿಜವಾಗ್ಲೂ ಚೆನ್ನಾಗಿ ಮಾಡಿದೀರಿ, ಆದ್ರೆ 16.8 ಲಕ್ಷ ಅಂತ ಮಾತ್ರ ಬರೀಬೇಡಿ. 2ಬಿಗೆ ಈ ತಿಂಗಳು ಬರದೇ ಇರೋ ಬಿಲ್ ವೆಂಡರ್ ಮುಂದಿನ ತಿಂಗಳು ಹಾಕಿದ್ರೆ ಆಗ ಬರುತ್ತೆ, ಆ ದುಡ್ಡು ತಡ ಆಗ್ತಿತ್ತೇ ಹೊರತು ಹೋಗ್ತಿರ್ಲಿಲ್ಲ. ಅದೇ ಬಾಕಿ ಮುಂದಿನ ತಿಂಗಳಿಗೆ ಉರುಳ್ತಾ ಹೋಗೋದನ್ನ ಹನ್ನೆರಡರಿಂದ ಗುಣಿಸಿದ್ರೆ ಒಂದೇ ದುಡ್ಡನ್ನ ಮತ್ತೆ ಮತ್ತೆ ಎಣಿಸಿದ ಹಾಗೆ. ನಿಮ್ಮ ಎಂಡಿಗೋ ಆಡಿಟರ್‌ಗೋ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ, ಆಮೇಲೆ ಪೇಜ್‌ನಲ್ಲಿರೋ ನಿಜವಾದ ನಂಬರನ್ನೂ ನಂಬಲ್ಲ.

ಎರಡನ್ನೂ ಬೇರೆ ಬೇರೆ ಬರೀರಿ. ಯಾವಾಗ್ಲೂ ಸಿಕ್ಕಿಹಾಕ್ಕೊಂಡಿರ್ತಿದ್ದ ಕ್ರೆಡಿಟ್ 1.8 ಲಕ್ಷದಿಂದ 40,000ಕ್ಕೆ ಇಳೀತು, ಅಂದ್ರೆ ಕೈಯಿಂದ ಕಟ್ಟಬೇಕಿದ್ದ 1.4 ಲಕ್ಷ ಕಂಪನಿ ಹತ್ರಾನೇ ಇದೆ. ಕಂಪನಿ ಬ್ಯಾಂಕಿನ ಸಿಸಿ ಸಾಲಕ್ಕೆ 10% ಬಡ್ಡಿ ಕಟ್ತಿದ್ರೆ ಇದರ ಬೆಲೆ ವರ್ಷಕ್ಕೆ 14,000 ಅಷ್ಟೇ. ಚಿಕ್ಕದು ಅನ್ಸುತ್ತೆ ಅಲ್ವಾ, ಪರವಾಗಿಲ್ಲ, ಸತ್ಯ ಅದು. 62,000ದ್ದು ಬೇರೆ ಕಥೆ. 2024-25ರ ಕ್ರೆಡಿಟ್ ತಗೊಳೋಕೆ 2025 ನವೆಂಬರ್ 30 ಕೊನೇ ದಿನ ಆಗಿತ್ತು, ಅದು ದಾಟಿದ್ದಿದ್ರೆ ದುಡ್ಡು ಹೋದಂಗೇ. ಅದನ್ನ ನೀವು ಉಳಿಸಿದ್ರಿ, ಇದನ್ನೇ ಪೇಜ್‌ನಲ್ಲಿ ಮೊದಲು ಇಡಿ. ಹೀಗೆ:

“2024-25ರಲ್ಲಿ ಇಬ್ಬರು ವೆಂಡರ್‌ಗಳು ತೋರಿಸದೇ ಬಿಟ್ಟಿದ್ದ ಬಿಲ್‌ಗಳನ್ನ ಗುರುತಿಸಿ, ಫಾಲೋಅಪ್ ಮಾಡಿ, ಗಡುವಿನ ಒಳಗೆ 62,000 ಕ್ರೆಡಿಟ್ ತಗೊಂಡಿದ್ದೇವೆ. ವಿವರ: ಅಕೌಂಟ್ಸ್ ಫೋಲ್ಡರ್, 2ಬಿ ತಾಳೆ ಶೀಟ್.”

ಇಷ್ಟೇ. ಬಹಳ ಶ್ರಮಪಟ್ಟೆ, ರಾತ್ರಿ ಎಂಟರವರೆಗೆ ಕೂತೆ ಅನ್ನೋದೆಲ್ಲ ಬೇಡ, ಅದು ಬಂದ್ರೆ ದೂರು ಹೇಳಿದಂಗೆ ಕೇಳಿಸುತ್ತೆ. ಮೂರನೇ ವಿಷಯ ಕೆಲಸದ ಪಟ್ಟಿ: ಜೂನ್‌ಗೆ ಮುಂಚೆ ನನ್ನ ಹತ್ರ ಇದ್ದಿದ್ದು, ಆಮೇಲೆ ಬಂದಿದ್ದು, ಯಾವ ತಾರೀಖಿಂದ. ಮ್ಯಾನೇಜರ್ ವಹಿಸಿದ್ದು ಮೇಲ್‌ನಲ್ಲಿದ್ರೆ ಆ ತಾರೀಖು ಹಾಕಿ. ಬಾಯಲ್ಲೇ ಹೇಳಿದ್ರೆ ಈಗಲೇ ಒಂದು ಸಾದಾ ಮೇಲ್ ಹಾಕಿ, “ಜೂನ್‌ನಿಂದ ನಾನು ನೋಡ್ತಿರೋ ಕೆಲಸಗಳು ಇವು, ಬಿಟ್ಟು ಹೋಗಿದ್ರೆ ತಿಳಿಸಿ” ಅಂತ. ಅವರು ಓಕೆ ಅಂದ್ರೆ ಅದೇ ದಾಖಲೆ.

ಆಫರ್ ಲೆಟರ್ ಅಂದವರಿಗೆ: ಸರ್, ಅರ್ಧ ಒಪ್ತೀನಿ. ಮಾರ್ಕೆಟ್‌ನಲ್ಲಿ ಈ ಕೆಲಸಕ್ಕೆ ಎಷ್ಟು ಕೊಡ್ತಾರೆ ಅಂತ ಗೊತ್ತಿರಲೇಬೇಕು, ಅದೂ ಪೀಣ್ಯ, ದಾಸರಹಳ್ಳಿ, ನೆಲಮಂಗಲ ಕಡೆ ಫ್ಯಾಕ್ಟರಿಗಳದ್ದು, ಐಟಿ ಕಂಪನಿಗಳದ್ದಲ್ಲ. ಆದ್ರೆ ಲೆಟರ್ ಟೇಬಲ್ ಮೇಲೆ ಇಟ್ಟಮೇಲೆ ಅವರು ಸರಿ ಹೋಗಿಬನ್ನಿ ಅಂದ್ರೆ ನಿಜವಾಗ್ಲೂ ಹೋಗಬೇಕಾಗುತ್ತೆ. ಹೋಗೋಕೆ ತಯಾರಿದ್ರೆ ಮಾತ್ರ ತೆಗೀರಿ.

ಇನ್ನೊಬ್ಬ ಸದಸ್ಯರು (ಆಡಿಟರ್ ಆಫೀಸ್): ಮೇಡಂ ಹೇಳಿದ್ದು ಸರಿ. ಒಂದು ಸೇರಿಸ್ತೀನಿ, ಆ 2ಬಿ ಶೀಟು, ವೆಂಡರ್ ಲಿಸ್ಟು ಎಲ್ಲ ಸ್ವಂತ ಮೇಲ್‌ಗೆ ಒಂದು ಕಾಪಿ ಕಳಿಸ್ಕೊಂಡಿರಿ, ನಾಳೆ ಇಲ್ಲ ಅಂದ್ರೆ ಕಷ್ಟ.

ಉತ್ತರ: ದಯವಿಟ್ಟು ಬೇಡ ಸರ್. ವೆಂಡರ್ ಡೇಟಾ ಕಂಪನಿದು, ಅದನ್ನ ಹೊರಗೆ ಕಳಿಸಿದ್ರೆ ಒಳ್ಳೇ ಕೆಲಸ ಮಾಡಿದವರ ಮೇಲೇ ನೋಟಿಸ್ ಬರುತ್ತೆ. ಶೀಟ್ ಆಫೀಸ್ ಫೋಲ್ಡರ್‌ನಲ್ಲೇ ಇರಲಿ, ಪೇಜ್‌ನಲ್ಲಿ ಒಟ್ಟು ನಂಬರ್, ಫೈಲ್ ಎಲ್ಲಿದೆ ಅನ್ನೋದು ಇದ್ರೆ ಸಾಕು.

ಹುಬ್ಬಳ್ಳಿಯಿಂದ ಒಬ್ಬರು: ನಾನು ಆಸ್ಪತ್ರೆ ಬಿಲ್ಲಿಂಗ್‌ನಾಗ ಅದೀನಿ. ನಮ್ಮಲ್ಲಿ ಹೋದ ವರ್ಷ ಸಿಟಿಸಿ ಏರಿಸೀವಿ ಅಂತ ಲೆಟರ್ ಕೊಟ್ರು, ಕೈಗೆ ಬರೋದು ನೋಡಿದ್ರ ಕಡಿಮಿ ಆಗೇತಿ. ಇದಕ್ಕ ಕಂಪ್ಲೇಂಟ್ ಎಲ್ಲಿ ಕೊಡಬೇಕ್ರಿ?

ಉತ್ತರ: ನಿಮ್ಮದು ಬೇರೆ ವಿಷಯ ಅಣ್ಣಾರ, ಮೊದಲು ಎರಡು ಪೇಸ್ಲಿಪ್ ಪಕ್ಕಪಕ್ಕ ಇಟ್ಟು ನೋಡಿ. ಬೇಸಿಕ್ ಏರಿಸಿ ಬೇರೆ ಅಲೋಯನ್ಸ್ ಕಡಿಮೆ ಮಾಡಿದ್ರೆ, ಪೂರ್ತಿ ಬೇಸಿಕ್ ಮೇಲೆ ಪಿಎಫ್ ಹಿಡಿಯೋ ಕಡೆ ನಿಮ್ಮ 12% ಜಾಸ್ತಿ ಆಗುತ್ತೆ, ಕಂಪನಿ ಕಟ್ಟೋ ಭಾಗನೂ ಸಿಟಿಸಿ ಒಳಗೇ ಸೇರಿರುತ್ತೆ. ಆ ದುಡ್ಡು ನಿಮ್ಮ ಪಿಎಫ್ ಖಾತೆಲಿದ್ರೆ ಕಂಪ್ಲೇಂಟ್‌ಗೆ ವಿಷಯ ಇಲ್ಲ. ಪೀಣ್ಯದ ತಂಗಿಗೂ ಇದು ಬೇಕು: ಸಿಟಿಸಿ ಇಷ್ಟು ಮಾಡಿ ಅಂತ ಕೇಳಬೇಡಿ, ತಿಂಗಳ ಗ್ರಾಸ್ ಇಷ್ಟು ಅಂತ ಕೇಳಿ.

ಕೇಳಿದವರು: 42,000 ಕೇಳೋಣ ಅಂತಿದೀನಿ. ನಂಬರ್ ನಾನೇ ಮೊದಲು ಹೇಳ್ಬೇಕಾ? ಮತ್ತೆ ಮೇಲ್‌ನಲ್ಲಿ ಏನು ಬರೀಲಿ?

ಉತ್ತರ: ಮೇಲ್‌ನಲ್ಲಿ ನಂಬರ್ ಬೇಡ, ಟೈಮ್ ಮಾತ್ರ ಕೇಳಿ. ಇಂಗ್ಲಿಷ್‌ನಲ್ಲಿ ಬರೆಯೋದಾದ್ರೂ ವಿಷಯ ಇಷ್ಟೇ ಇರಲಿ: “ಸರ್, ಜೂನ್‌ನಿಂದ ನನ್ನ ಜವಾಬ್ದಾರಿಗಳು ಬದಲಾಗಿವೆ. ಏಪ್ರಿಲ್ ರಿವ್ಯೂಗೆ ಮುಂಚೆ ನನ್ನ ರೋಲ್ ಮತ್ತು ಸಂಬಳದ ಬಗ್ಗೆ ನಿಮ್ಮ ಜೊತೆ ಅರ್ಧ ಗಂಟೆ ಮಾತಾಡಬೇಕಿತ್ತು. ಒಂದು ಪೇಜ್ ವಿವರ ತರ್ತೀನಿ. 20ನೇ ತಾರೀಖಿನ ನಂತರ ನಿಮಗೆ ಯಾವ ದಿನ ಅನುಕೂಲ?” 20ರವರೆಗೆ 3ಬಿ ಒತ್ತಡ ಇಬ್ಬರಿಗೂ ಇರುತ್ತೆ, ಅದಕ್ಕೇ ಹಾಗೆ ಬರೆದೆ.

ಒಳಗೆ ಹೋದಮೇಲೆ ಪೇಜ್ ಅವರ ಕೈಗೆ ಕೊಡಿ, ಓದೋಕೆ ಬಿಡಿ. ಗಂಟಲು ಕಟ್ಟೋರಿಗೆ ಇದೇ ಒಳ್ಳೇದು, ಮಾತಾಡೋ ಭಾರ ಅರ್ಧ ಪೇಜೇ ಹೊರುತ್ತೆ. ಓದಿ ಆದ್ಮೇಲೆ ಒಂದೇ ಮಾತು: “ಈ ರೋಲ್‌ಗೆ 42,000 ಗ್ರಾಸ್ ಪರಿಗಣಿಸಿ ಸರ್.” ಆಮೇಲೆ ಸುಮ್ಮನಿರಿ, ಆ ಹೊತ್ತಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು ಅಂತ ಶುರು ಮಾಡಿದ್ರೆ ಮಾತು ಕೆಲಸ ಬಿಟ್ಟು ಕಷ್ಟದ ಕಡೆ ತಿರುಗುತ್ತೆ. ಎಲ್ಲರಿಗೂ 5% ಅಂದ್ರೆ, “ಅದು ಸರಿ ಸರ್, ಅದು ಇದ್ದ ಕೆಲಸಕ್ಕೆ, ನಾನು ಕೇಳ್ತಿರೋದು ಜೂನ್‌ನಿಂದ ಸೇರಿರೋ ಕೆಲಸಕ್ಕೆ” ಅನ್ನಿ. ನೋಡೋಣ ಅಂದ್ರೆ, “ಯಾವತ್ತು ಬಂದು ಕೇಳಲಿ ಸರ್?” ಅನ್ನಿ, ತಾರೀಖು ತಗೊಂಡೇ ಏಳಿ. ಅವತ್ತೇ ಸಂಜೆ ಎರಡು ಸಾಲಿನ ಮೇಲ್ ಹಾಕಿ, ಮಾತಾಡಿದ್ದು ಇದು, ಮತ್ತೆ ಕೂರೋದು ಈ ದಿನ ಅಂತ.

ಆಡಿಟರ್ ಆಫೀಸ್ ಸದಸ್ಯರು: ನಂಬರ್ ನಾವು ಮೊದಲು ಹೇಳಬಾರದು ಮೇಡಂ. ಅವರ ಮನಸ್ಸಲ್ಲಿ 45 ಇದ್ರೆ?

ಉತ್ತರ: ದೊಡ್ಡ ಕಂಪನಿಲಿ ಗ್ರೇಡ್ ಇರುತ್ತೆ, ಅಲ್ಲಿ ನಿಮ್ಮ ಮಾತು ನಡೆಯುತ್ತೆ. ಓನರ್ ನಡೆಸೋ ಫ್ಯಾಕ್ಟರಿಲಿ 45 ಮನಸ್ಸಲ್ಲಿಟ್ಕೊಂಡು ಕೂತವರನ್ನ ನಾನು ಹೆಚ್ಚು ನೋಡಿಲ್ಲ, ನಂಬರ್ ಇಲ್ಲದೆ ಬಂದ್ರೆ ಅವರು ಹೋದ ವರ್ಷದ ಶೀಟಿಂದಲೇ ಶುರು ಮಾಡ್ತಾರೆ.

ಆಡಿಟರ್ ಆಫೀಸ್ ಸದಸ್ಯರು: ನಂಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಇರಲಿ.

ಕೇಳಿದವರು: ಮೇಲ್ ಹಾಕಿದೆ, 22ಕ್ಕೆ ಟೈಮ್ ಕೊಟ್ರು, ಎಂಡಿನೂ ಕೂರ್ತಾರಂತೆ. ಡೆಸಿಗ್ನೇಶನ್ ಸೀನಿಯರ್ ಅಂತ ಈಗ ಕೊಡ್ತೀವಿ, ದುಡ್ಡು ಆರು ತಿಂಗಳು ಆದ್ಮೇಲೆ ಅಂದ್ರೆ ಏನು ಮಾಡ್ಲಿ?

ಉತ್ತರ: ಪೇಜ್ ಎರಡು ಕಾಪಿ ತಗೊಂಡು ಹೋಗಿ. ಡೆಸಿಗ್ನೇಶನ್ ಒಪ್ಕೊಳಿ, ಆದ್ರೆ ಅದೇ ಲೆಟರ್‌ನಲ್ಲಿ “ಅಕ್ಟೋಬರ್ 1ರಿಂದ ಗ್ರಾಸ್ ಇಷ್ಟು” ಅಂತ ತಾರೀಖು, ಮೊತ್ತ ಎರಡೂ ಇರಬೇಕು. ಆಮೇಲೆ ನೋಡ್ತೀವಿ ಅಂತಷ್ಟೇ ಇದ್ರೆ ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಆಫರ್ ಲೆಟರ್ ಹೇಳಿದ ಸದಸ್ಯರು: ನಾನಾದ್ರೆ ಸೀನಿಯರ್ ಅನ್ನೋ ಹೆಸರು ಮೊದಲು ತಗೋತಿದ್ದೆ ಸಿಸ್ಟರ್, ಲೆಟರ್‌ನಲ್ಲಿ ದುಡ್ಡು ಇಲ್ಲದಿದ್ರೂ. ಬೇರೆ ಕಡೆ ಇಂಟರ್‌ವ್ಯೂಗೆ ಹೋದ್ರೆ ಅದು ಕೆಲಸಕ್ಕೆ ಬರುತ್ತೆ.

ಕೇಳಿದವರು: ಅದೂ ಯೋಚನೆ ಮಾಡಬೇಕಾದ್ದೇ. 22 ಆದ್ಮೇಲೆ ಬಂದು ಹೇಳ್ತೀನಿ.